ಆಫೀಸು ತೆರೆದ ಹೊತ್ತಲ್ಲೇ ಓಡುವ ಬ್ಯಾಕಪ್: ಟ್ಯಾಲಿ ಮತ್ತು ನ್ಯಾಸ್ ಕಾಪಿ ನೆಟ್ ಕಟ್ಟಿಹಾಕದಂತೆ ಮಾಡುವ ಕ್ರಮ

ಬೆಳಿಗ್ಗೆ ಹತ್ತಕ್ಕೆ ಆಫೀಸು ಶುರು. ಹತ್ತೂಕಾಲಿಗೆ ಜಿಎಸ್‌ಟಿ ಪೋರ್ಟಲ್ ಸುತ್ತುತ್ತಾ ನಿಲ್ಲುತ್ತದೆ. ಇ-ವೇ ಬಿಲ್ ಪುಟ ತೆರೆಯುವುದಿಲ್ಲ, ಮೇಲ್‌ಗೆ ಫೈಲ್ ಹಚ್ಚಿದರೆ ಹೋಗುವುದಿಲ್ಲ, ಫೋನಿನಲ್ಲಿ ವಾಟ್ಸಾಪ್ ಕಾಲ್ ಕಡಿದು ಕಡಿದು ಬರುತ್ತದೆ. ನೆಟ್ ಕೊಟ್ಟವರಿಗೆ ಫೋನ್ ಮಾಡಿದರೆ 'ನಮ್ಮ ಕಡೆ ಎಲ್ಲ ಸರಿ ಇದೆ ಸರ್' ಎಂಬ ಉತ್ತರ. ಇಪ್ಪತ್ತನೇ ತಾರೀಖು, ಅಂದರೆ ಜಿಎಸ್‌ಟಿಆರ್-3ಬಿ ಕೊನೇ ದಿನ, ಎಲ್ಲರೂ ಪೋರ್ಟಲನ್ನೇ ಬೈಯುತ್ತಾರೆ. ಪೋರ್ಟಲೂ ಆ ದಿನ ಹಗುರವಾಗಿ ಓಡುವುದಿಲ್ಲ, ಅದು ನಿಜ. ಆದರೆ ಹನ್ನೆರಡನೇ ತಾರೀಖೂ ಇದೇ ಕಥೆ ಆಗಿದ್ದರೆ ಅನುಮಾನ ನಿಮ್ಮ ಬ್ಯಾಕಪ್ ಮೇಲೆ ಬರಬೇಕು.

'ನಮ್ಮ ಬ್ಯಾಕಪ್ ರಾತ್ರಿ ಹನ್ನೊಂದಕ್ಕೆ ಇಟ್ಟಿದ್ದೇವೆ, ಅದಲ್ಲ ಬಿಡಿ' ಎಂದು ಹೆಚ್ಚಿನವರು ಇಲ್ಲೇ ದಾರಿ ತಪ್ಪುತ್ತಾರೆ. ಶೆಡ್ಯೂಲ್ ಹೇಳುವುದು ಯಾವಾಗ ಶುರುವಾಗಬೇಕು ಅನ್ನುವುದನ್ನು ಮಾತ್ರ. ಯಾವಾಗ ಮುಗಿಯುತ್ತದೆ ಎಂದು ಅದು ಹೇಳುವುದಿಲ್ಲ. ಹನ್ನೊಂದಕ್ಕೆ ಕಂಪ್ಯೂಟರೇ ಆಫ್ ಆಗಿದ್ದರೆ ಏನಾಗುತ್ತದೆ ಎಂದೂ ಹೇಳುವುದಿಲ್ಲ. ಈ ಎರಡು ಜಾಗದಲ್ಲೇ ಗಂಟು ಇರುವುದು.

ಎರಡನೇ ತಪ್ಪು ಕ್ರಮದ್ದು. ಮೊದಲೇ ಹೋಗಿ ಸ್ಪೀಡಿಗೆ ಮಿತಿ ಹಾಕುತ್ತಾರೆ. ಆಗ ಹನ್ನೊಂದು ಗಂಟೆ ಹಿಡಿಯುತ್ತಿದ್ದ ಬ್ಯಾಕಪ್ ಇಪ್ಪತ್ತು ಗಂಟೆ ಹಿಡಿಯುತ್ತದೆ, ಯಾವತ್ತೂ ಮುಗಿಯುವುದೇ ಇಲ್ಲ. ಇಲ್ಲವಾದರೆ ದೊಡ್ಡ ಪ್ಲಾನ್ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಡೌನ್‌ಲೋಡ್ ಹೆಚ್ಚಾಗಿ ಅಪ್‌ಲೋಡ್ ಅಷ್ಟೇ ಉಳಿದಿದ್ದರೆ ದುಡ್ಡು ದಂಡ. ಕೆಳಗಿನ ಹಂತಗಳನ್ನು ಕೊಟ್ಟ ಕ್ರಮದಲ್ಲೇ ಮಾಡಿ.

## ಲೆಕ್ಕಕ್ಕೆ ಒಂದು ಆಫೀಸು

ಒಂದು ಚಿಕ್ಕ ಆಡಿಟರ್ ಆಫೀಸನ್ನು ಇಟ್ಟುಕೊಳ್ಳೋಣ. ಎಂಟು ಜನ. ಟ್ಯಾಲಿ ಡೇಟಾ ಒಂದು ಕಂಪ್ಯೂಟರಿನಲ್ಲಿದೆ, ಉಳಿದವರು ನೆಟ್‌ವರ್ಕ್ ಮೂಲಕ ಅದನ್ನೇ ತೆರೆಯುತ್ತಾರೆ. ಕ್ಲೈಂಟ್‌ಗಳ ಸ್ಕ್ಯಾನ್, ಪಿಡಿಎಫ್, ಎಕ್ಸೆಲ್ ಎಲ್ಲ ಒಂದು ನ್ಯಾಸ್‌ನಲ್ಲಿ, ಅಂದರೆ ಎಲ್ಲರೂ ನೆಟ್‌ವರ್ಕ್ ಮೂಲಕ ಬಳಸುವ ಡಿಸ್ಕ್ ಡಬ್ಬಿಯಲ್ಲಿ ಇವೆ. ಟ್ಯಾಲಿ ಫೋಲ್ಡರ್ 8 ಜಿಬಿ, ಕ್ಲೈಂಟ್ ಫೋಲ್ಡರ್ 37 ಜಿಬಿ, ಒಟ್ಟು 45. ಲೈನ್ ಅಳೆದಾಗ ಡೌನ್‌ಲೋಡ್ 50 ಎಂಬಿಪಿಎಸ್, ಅಪ್‌ಲೋಡ್ 10. ಟ್ಯಾಲಿ ಇರುವ ಕಂಪ್ಯೂಟರೇ ದಿನವೂ ರಾತ್ರಿ 11ಕ್ಕೆ ಎರಡೂ ಫೋಲ್ಡರನ್ನು ಜಿಪ್ ಮಾಡಿ, ತಾರೀಖು ಹಾಕಿ, ಕ್ಲೌಡ್‌ಗೆ ಕಳಿಸುವಂತೆ ಯಾರೋ ಹಿಂದೆ ಮಾಡಿಟ್ಟು ಹೋಗಿದ್ದಾರೆ.

10 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 1.25 ಎಂಬಿ. ಗಂಟೆಗೆ ಲೆಕ್ಕದಲ್ಲಿ 4.5 ಜಿಬಿ, ವಾಸ್ತವದಲ್ಲಿ ಸುಮಾರು 4. ಹಾಗಾದರೆ 45 ಜಿಬಿಗೆ ಹನ್ನೊಂದೂಕಾಲು ಗಂಟೆ. ರಾತ್ರಿ 11ಕ್ಕೆ ಶುರುವಾದದ್ದು ಬೆಳಿಗ್ಗೆ ಹತ್ತೂಕಾಲರ ಹೊತ್ತಿಗೆ ಮುಗಿಯುತ್ತದೆ, ಅದೂ ಎಲ್ಲ ಸರಿಯಾಗಿ ನಡೆದರೆ. ಡೇಟಾ 25 ಜಿಬಿ ಇದ್ದ ಕಾಲದಲ್ಲಿ ಬೆಳಗಿನ ಜಾವ ಐದೂಕಾಲಿಗೇ ಮುಗಿಯುತ್ತಿತ್ತು, ಆದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. 'ಮೊದಲು ಚೆನ್ನಾಗಿತ್ತು, ಈಗೀಗ ಹೀಗೆ' ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇಷ್ಟೇ ಇರುತ್ತದೆ.

## ಕೈಯಲ್ಲಿ ಇರಬೇಕಾದದ್ದು

ರೂಟರಿನ ಮತ್ತು ನ್ಯಾಸ್‌ನ ಅಡ್ಮಿನ್ ಪಾಸ್‌ವರ್ಡ್, ಟ್ಯಾಲಿ ಕಂಪ್ಯೂಟರಿನ ಅಡ್ಮಿನ್ ಲಾಗಿನ್, ಒಂದು ಹಾಳೆ, ಪೆನ್ನು. ಹೊಸದಾಗಿ ಏನೂ ಕೊಳ್ಳಬೇಕಿಲ್ಲ. ರೂಟರಿಗೂ ನ್ಯಾಸ್‌ಗೂ ಒಂದು ಚಿಕ್ಕ ಯುಪಿಎಸ್ ಇದ್ದರೆ ಒಳ್ಳೆಯದು, ಅದರ ಕಾರಣ ಆರನೇ ಹಂತದಲ್ಲಿ ಬರುತ್ತದೆ.

## ಹಂತ 1: ಕಟ್ಟಿರುವುದು ಹೊರಗಿನ ಲೈನೋ, ಒಳಗಿನದೋ ನೋಡಿ

ನೆಟ್ ನಿಧಾನವಾಗಿರುವಾಗಲೇ ಮಾಡಬೇಕಾದ ಪರೀಕ್ಷೆ ಇದು. ಊಟದ ಹೊತ್ತಿನಲ್ಲಿ ಮಾಡಿದರೆ ಪ್ರಯೋಜನ ಇಲ್ಲ. ಕೇಬಲ್ ಹಾಕಿರುವ ಒಂದು ಕಂಪ್ಯೂಟರಿನಲ್ಲಿ ಎರಡು ಕಮಾಂಡ್ ಕಿಟಕಿ ತೆರೆದು, ಒಂದೊಂದರಲ್ಲಿ ಒಂದೊಂದು ಓಡಿಸಿ. ಮೊದಲನೆಯದರಲ್ಲಿ ನಿಮ್ಮ ರೂಟರಿನ ವಿಳಾಸ ಹಾಕಿ.

```
ping -t 192.168.1.1
```

```
ping -t 8.8.8.8
```

ಎರಡನ್ನೂ ಅಕ್ಕಪಕ್ಕ ಇಟ್ಟು ಒಂದೆರಡು ನಿಮಿಷ ನೋಡಿ. ರೂಟರಿನದು 1 ಎಂಎಸ್ ಆಸುಪಾಸಿನಲ್ಲೇ ಇದ್ದು, ಹೊರಗಿನದು ಎಂದಿನ 10–30 ಬಿಟ್ಟು 400, 700, ನಡುನಡುವೆ `Request timed out` ಎಂದು ಬರುತ್ತಿದ್ದರೆ ಹೊರಗಿನ ಲೈನ್ ತುಂಬಿದೆ. ರೂಟರಿನದೇ ಏರಿಳಿಯುತ್ತಿದ್ದರೆ ತೊಂದರೆ ಆಫೀಸಿನ ಒಳಗೇ ಇದೆ. ಯಾವುದೋ ದೊಡ್ಡ ಕಾಪಿ ವೈಫೈ ಮೇಲೆ ಓಡುತ್ತಿರಬಹುದು, ಸ್ವಿಚ್ ಅಥವಾ ಕೇಬಲ್ ಕೆಟ್ಟಿರಬಹುದು. ಅದು ಬೇರೆಯೇ ರಿಪೇರಿ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಬ್ಯಾಕಪ್ ಕಳಿಸುವುದು ಅಪ್‌ಲೋಡ್, ನಾವು ಪುಟ ತೆರೆಯುವುದು ಡೌನ್‌ಲೋಡ್, ಒಂದರಿಂದ ಇನ್ನೊಂದು ಯಾಕೆ ನಿಲ್ಲಬೇಕು? ಏಕೆಂದರೆ ಕೆಳಗೆ ಬರುವ ಪ್ರತಿಯೊಂದು ತುಂಡಿಗೂ 'ಬಂತು, ಮುಂದಿನದು ಕಳಿಸು' ಎಂಬ ಚಿಕ್ಕ ಉತ್ತರ ಮೇಲೆ ಹೋಗುತ್ತಿರಬೇಕು. ಮೇಲೆ ಹೋಗುವ ದಾರಿಯಲ್ಲಿ ಬ್ಯಾಕಪ್‌ನ ರಾಶಿ ಸಾಲುಗಟ್ಟಿದ್ದರೆ ಆ ಉತ್ತರಗಳೂ ಅದೇ ಸಾಲಿನ ಹಿಂದೆ ನಿಲ್ಲುತ್ತವೆ. ಹಾಗಾಗಿ 50ರ ಲೈನ್ ಇದ್ದೂ ಪುಟ ತೆರೆಯುವುದಿಲ್ಲ. ಒಟಿಪಿ ಬಂದು, ನೀವು ಹಾಕಿ, ಪುಟ ಮುಂದೆ ಹೋಗುವಷ್ಟರಲ್ಲಿ ಅದರ ಅವಧಿಯೇ ಮುಗಿದಿರುತ್ತದೆ.

ಕೊನೆಗೆ, ಎಲ್ಲರೂ ಮನೆಗೆ ಹೋದ ಮೇಲೆ, ಬ್ಯಾಕಪ್ ಓಡದಿರುವಾಗ ಒಂದು ಸ್ಪೀಡ್ ಟೆಸ್ಟ್ ಮಾಡಿ. ಬರೆದುಕೊಳ್ಳಬೇಕಾದದ್ದು ಅಪ್‌ಲೋಡ್ ಸಂಖ್ಯೆ. ಪ್ಲಾನಿನ ಜಾಹೀರಾತಿನಲ್ಲಿ ಇರುವುದಲ್ಲ, ಟೆಸ್ಟಿನಲ್ಲಿ ಬಂದದ್ದು.

## ಹಂತ 2: ಕಳಿಸುತ್ತಿರುವುದು ಯಾರು?

ಊಹೆ ಬೇಡ, ಕಣ್ಣಾರೆ ನೋಡಿ. ಟ್ಯಾಲಿ ಕಂಪ್ಯೂಟರಿನಲ್ಲಿ `resmon` ಎಂದು ಟೈಪ್ ಮಾಡಿ, `Network` ಟ್ಯಾಬ್‌ಗೆ ಹೋಗಿ, `Send` ಕಾಲಮ್ಮಿನ ಮೇಲೆ ಒತ್ತಿ. ಜಾಸ್ತಿ ಕಳಿಸುವ ಪ್ರೋಗ್ರಾಂ ಮೇಲೆ ಬರುತ್ತದೆ. ನ್ಯಾಸ್‌ನಲ್ಲಿಯೂ ನೆಟ್‌ವರ್ಕ್ ಗ್ರಾಫ್ ಇರುತ್ತದೆ, ಸೈನಾಲಜಿಯಲ್ಲಾದರೆ `Resource Monitor`. ಅಲ್ಲಿ ಹೊರಹೋಗುವ ಗೆರೆ ಗಂಟೆಗಟ್ಟಲೆ ಸೆಕೆಂಡಿಗೆ 1.2 ಎಂಬಿಯಲ್ಲಿ ಚಪ್ಪಟೆಯಾಗಿ ನಿಂತಿದ್ದರೆ ಸಿಕ್ಕಿಬಿತ್ತು ಅಂತಲೇ. ಜನರ ಕೆಲಸದ ಗೆರೆ ಏರಿಳಿಯುತ್ತದೆ, ಚಪ್ಪಟೆ ನಿಲ್ಲುವುದು ಬ್ಯಾಕಪ್‌ನದು.

ಸಿಕ್ಕಿದ ಮೇಲೆ ಒಂದು ಖಾತ್ರಿ ಮಾಡಿಕೊಳ್ಳಿ. ಆ ಕೆಲಸವನ್ನು ಎರಡು ನಿಮಿಷ ನಿಲ್ಲಿಸಿ, ಹೊರಗಿನ ಪಿಂಗ್ ನೋಡಿ. 600 ಇದ್ದದ್ದು ಕೂಡಲೇ 15ಕ್ಕೆ ಇಳಿದರೆ ಕಾರಣ ಅದೇ. ಇಳಿಯದಿದ್ದರೆ ಇನ್ನೊಬ್ಬರು ಇದ್ದಾರೆ. ಯಾರದೋ ಫೋನಿನ ಫೋಟೋ ಬ್ಯಾಕಪ್, ಕ್ಯಾಮೆರಾ ರೆಕಾರ್ಡಿಂಗ್, ಅಥವಾ ಟ್ಯಾಲಿ ಫೋಲ್ಡರಿಗೇ ಜೋಡಿಸಿಟ್ಟ ಗೂಗಲ್ ಡ್ರೈವ್, ಹೀಗೆ.

## ಹಂತ 3: ಈ ಹೊತ್ತಿಗೇ ಯಾಕೆ ಓಡುತ್ತಿದೆ ಎಂದು ಹಿಡಿಯಿರಿ

ಇದನ್ನು ಹಾರಿಸಿ ಮುಂದೆ ಹೋದವರಿಗೆ ತೊಂದರೆ ಮತ್ತೆ ವಾಪಸ್ ಬರುತ್ತದೆ. ಕಾರಣಗಳು ನಾಲ್ಕು.

ಉಕ್ಕಿ ಬಂದದ್ದು. ಮೇಲಿನ ಲೆಕ್ಕದಂತೆ ರಾತ್ರಿಯೊಳಗೆ ಮುಗಿಯುವುದೇ ಇಲ್ಲ. ಲಕ್ಷಣ: ಬೆಳಿಗ್ಗೆ ನಿಧಾನ, ಹನ್ನೊಂದು ಹನ್ನೆರಡರ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತದೆ. ಬ್ಯಾಕಪ್ ಲಾಗ್‌ನಲ್ಲಿ ಮುಗಿದ ಸಮಯ ನೋಡಿದರೆ ಗೊತ್ತಾಗುತ್ತದೆ.

ತಪ್ಪಿಹೋದದ್ದನ್ನು ಬೆಳಿಗ್ಗೆ ಮಾಡುವುದು. ನಮ್ಮ ಕಡೆಯ ಆಫೀಸುಗಳಲ್ಲಿ ಅತಿ ಹೆಚ್ಚು ಕಾಣುವುದು ಇದೇ. ಕೊನೆಗೆ ಹೋಗುವವರು ಮೇನ್ ಸ್ವಿಚ್ ಆರಿಸಿ ಬೀಗ ಹಾಕುತ್ತಾರೆ. ರಾತ್ರಿ 11ಕ್ಕೆ ಕಂಪ್ಯೂಟರೇ ಇಲ್ಲ. ಬೆಳಿಗ್ಗೆ 9:45ಕ್ಕೆ ಯಾರೋ ಆನ್ ಮಾಡುತ್ತಾರೆ. ವಿಂಡೋಸ್ 'ರಾತ್ರಿಯದು ಬಾಕಿ ಇದೆ' ಎಂದು ಕೂಡಲೇ ಶುರು ಮಾಡುತ್ತದೆ. ನಮ್ಮ ಉದಾಹರಣೆಯ 45 ಜಿಬಿ ರಾತ್ರಿ ಒಂಬತ್ತರವರೆಗೆ ಓಡಬೇಕು. ಎಂಟಕ್ಕೆ ಮತ್ತೆ ಮೇನ್ ಆಫ್. ಅಂದರೆ ದಿನವಿಡೀ ಲೈನ್ ತಿಂದು, ಕೊನೆಗೆ ಒಂದು ಬ್ಯಾಕಪ್ಪೂ ಪೂರ್ತಿ ಆಗಿರುವುದಿಲ್ಲ!

ಇದನ್ನು ನೋಡಲು `taskschd.msc` ತೆರೆಯಿರಿ. ಆ ಕೆಲಸದ ಮೇಲೆ ಎರಡು ಸಲ ಒತ್ತಿ, `Settings` ಟ್ಯಾಬ್‌ನಲ್ಲಿ `Run task as soon as possible after a scheduled start is missed` ಎಂಬುದಕ್ಕೆ ಟಿಕ್ ಇದೆಯೇ ನೋಡಿ. ಕ್ಲೌಡ್‌ಗೆ ಕಳಿಸುವ ಕೆಲಸಕ್ಕೆ ಈ ಟಿಕ್ ಇರಬಾರದು. ಬೇರೆ ಬ್ಯಾಕಪ್ ಸಾಫ್ಟ್‌ವೇರ್ ಬಳಸುತ್ತಿದ್ದರೆ ಅದರ ಸೆಟ್ಟಿಂಗ್‌ನಲ್ಲಿ ಇದೇ ಅರ್ಥದ ಒಂದು ಸಾಲು ಇರುತ್ತದೆ, ಹುಡುಕಿ. ಪಕ್ಕದ `Conditions` ಟ್ಯಾಬ್‌ನಲ್ಲಿ `Wake the computer to run this task` ಇದೆಯಲ್ಲ ಎಂದು ನಂಬಿ ಕೂರಬೇಡಿ. ಅದು ನಿದ್ದೆಗೆ ಹೋದ ಕಂಪ್ಯೂಟರನ್ನು ಎಬ್ಬಿಸುತ್ತದೆ, ಆಫ್ ಆದದ್ದನ್ನಲ್ಲ.

ಗಡಿಯಾರ ತಪ್ಪಿದ್ದು. ನ್ಯಾಸ್‌ನ ಟೈಮ್ ಝೋನ್ ಭಾರತದ್ದಾಗಿಲ್ಲದೆ ಯುಟಿಸಿಯಲ್ಲೇ ಉಳಿದಿದ್ದರೆ, ನೀವು ಇಟ್ಟ ರಾತ್ರಿ 11 ನಮ್ಮ ಬೆಳಗಿನ ಜಾವ 4:30 ಆಗುತ್ತದೆ. ಅಲ್ಲಿಂದ ಹನ್ನೊಂದು ಗಂಟೆ ಎಣಿಸಿ, ಮಧ್ಯಾಹ್ನ ದಾಟುತ್ತದೆ. ಲಕ್ಷಣ: ಎಲ್ಲ ಲಾಗ್‌ಗಳೂ ಸರಿಯಾಗಿ ಐದೂವರೆ ಗಂಟೆ ಹಿಂದೆ ಇರುತ್ತವೆ.

ಬ್ಯಾಕಪ್ ಅಂದುಕೊಂಡ ಸಿಂಕ್. ಟ್ಯಾಲಿಯ ಡೇಟಾ ಫೋಲ್ಡರನ್ನೇ ಗೂಗಲ್ ಡ್ರೈವ್, ಒನ್‌ಡ್ರೈವ್‌ನಂಥದ್ದಕ್ಕೆ ಕೊಟ್ಟಿದ್ದರೆ ಅದಕ್ಕೆ ಶೆಡ್ಯೂಲೇ ಇಲ್ಲ. ವೋಚರ್ ಹಾಕಿದ ಹಾಗೆಲ್ಲ ಫೈಲ್ ಬದಲಾಗುತ್ತದೆ, ಬದಲಾದ ಹಾಗೆಲ್ಲ ಮೇಲೆ ಹೋಗುತ್ತದೆ. ಇದರಲ್ಲಿ ನೆಟ್‌ಗಿಂತ ದೊಡ್ಡ ಅಪಾಯ ಬೇರೆ ಇದೆ. ತೆರೆದಿರುವ ಟ್ಯಾಲಿಯ ಒಂದು ಫೈಲ್ ಹಳೆಯದು, ಇನ್ನೊಂದು ಹೊಸದು ಎಂಬಂತೆ ಕಾಪಿ ಹೋಗಬಹುದು. ವಾಪಸ್ ತಂದಾಗ ಕಂಪನಿ ತೆರೆಯುವುದೇ ಇಲ್ಲ. ಇದು ಕಂಡರೆ ಬೇರೆ ಏನೂ ಯೋಚಿಸದೆ ಆ ಫೋಲ್ಡರನ್ನು ಸಿಂಕ್‌ನಿಂದ ತೆಗೆಯಿರಿ. ಆದರೆ ಮೊದಲು ಎಲ್ಲರೂ ಟ್ಯಾಲಿ ಮುಚ್ಚಿ, ಡೇಟಾದ ಒಂದು ಪೂರ್ತಿ ಕಾಪಿ ಪೆನ್‌ಡ್ರೈವ್‌ಗೋ ಹೊರಗಿನ ಡಿಸ್ಕಿಗೋ ತೆಗೆದಿಟ್ಟುಕೊಳ್ಳಿ.

ಇನ್ನೊಂದು ಲಕ್ಷಣ ಈ ನಾಲ್ಕಕ್ಕೂ ಸೇರುವುದಿಲ್ಲ. ತಿಂಗಳ ಮೊದಲ ವಾರ ಚೆನ್ನಾಗಿದ್ದು ಕೊನೇ ವಾರ ರಾತ್ರಿ ಹಗಲು ಎರಡೂ ನಿಧಾನ ಆದರೆ ಪ್ಲಾನಿನ ಡೇಟಾ ಮಿತಿ ನೋಡಿ. ದಿನಕ್ಕೆ 45 ಜಿಬಿ ಅಂದರೆ 25 ದಿನಕ್ಕೆ ಒಂದು ಟಿಬಿ ಮೀರುತ್ತದೆ. ಅಪ್‌ಲೋಡನ್ನೂ ಲೆಕ್ಕಕ್ಕೆ ಹಿಡಿಯುವ ಪ್ಲಾನ್ ಆಗಿದ್ದರೆ, ಮಿತಿ ದಾಟಿದ ಮೇಲೆ ಸ್ಪೀಡೇ ಇಳಿಸುತ್ತಾರೆ.

## ಹಂತ 4: ಕಳಿಸುವ ರಾಶಿಯನ್ನು ಇಳಿಸಿ

ಸಮಯ ಬದಲಿಸುವ ಮೊದಲು ಗಾತ್ರ ಇಳಿಸಬೇಕು. ತಾರೀಖು ಹಾಕಿದ ಜಿಪ್ ಇಲ್ಲಿನ ಮುಖ್ಯ ತಪ್ಪು. ಸ್ಕ್ಯಾನ್ ಪಿಡಿಎಫ್ ಮತ್ತು ಜೆಪಿಜಿ ಈಗಾಗಲೇ ಕುಗ್ಗಿಸಿದ ಫೈಲ್‌ಗಳು, ಜಿಪ್ ಮಾಡಿದರೆ ಹೆಚ್ಚೇನೂ ಇಳಿಯುವುದಿಲ್ಲ. ಮೇಲಾಗಿ ಹೊಸ ತಾರೀಖಿನ ಜಿಪ್ ಅಂದರೆ ಕ್ಲೌಡ್‌ಗೆ ಅದು ಪೂರ್ತಿ ಹೊಸ ಫೈಲ್. ನಿನ್ನೆ ಕಳಿಸಿದ 2019ರ ಬಿಲ್ ಸ್ಕ್ಯಾನನ್ನು ಇವತ್ತೂ ಕಳಿಸುತ್ತೀರಿ, ನಾಳೆಯೂ ಕಳಿಸುತ್ತೀರಿ.

ಜಿಪ್ ಬಿಟ್ಟು, ಬದಲಾದದ್ದನ್ನು ಮಾತ್ರ ಕಳಿಸಿ ಹಳೆಯ ಆವೃತ್ತಿಗಳನ್ನೂ ಉಳಿಸಿಕೊಳ್ಳುವ ಸಾಧನ ಬಳಸಿ. ಸೈನಾಲಜಿ ನ್ಯಾಸ್ ಆದರೆ ಅದರ ಜೊತೆಗೇ ಸಿಗುವ `Hyper Backup` ಸಾಕು. ನಮ್ಮ ಆಫೀಸಿನಲ್ಲಿ ದಿನಕ್ಕೆ ಬದಲಾಗುವುದು ಕ್ಲೈಂಟ್ ಫೋಲ್ಡರಿನಲ್ಲಿ ಒಂದು ಜಿಬಿ, ಟ್ಯಾಲಿಯಲ್ಲಿ ಆ ದಿನ ಮುಟ್ಟಿದ ಕಂಪನಿಗಳದು ಎರಡು ಜಿಬಿ ಎಂದಿಟ್ಟುಕೊಳ್ಳಿ. 45 ಇದ್ದದ್ದು 3ಕ್ಕೆ ಬಂತು.

'ವಾರಕ್ಕೊಮ್ಮೆ ಮಾಡಿದರೆ ಆಗಲ್ವಾ?' ಎಂದು ಕೇಳುವವರಿದ್ದಾರೆ. ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಕಂಪನಿಯ ಲೆಕ್ಕ ಆಗಿದ್ದರೆ ಆಗುವುದಿಲ್ಲ. 2014ರ ಲೆಕ್ಕಪತ್ರ ನಿಯಮಗಳಿಗೆ 2022ರ ಆಗಸ್ಟ್‌ನಲ್ಲಿ ಬಂದ ತಿದ್ದುಪಡಿಯ ಪ್ರಕಾರ ಗಣಕದಲ್ಲಿಟ್ಟ ಲೆಕ್ಕದ ಬ್ಯಾಕಪ್ ಭಾರತದಲ್ಲೇ ಇರುವ ಸರ್ವರಿನಲ್ಲಿ, ದಿನವೂ ಆಗಬೇಕು. ಕ್ಲೌಡ್ ಆರಿಸುವಾಗ ಊರು ಯಾವುದು ಎಂದು ಕೇಳಿದರೆ ಮುಂಬೈ ಅಥವಾ ಭಾರತದ ಬೇರೆ ಯಾವುದಾದರೂ ಊರನ್ನೇ ಆರಿಸಿ.

## ಹಂತ 5: ಮೊದಲ ಓಟ, ಟ್ಯಾಲಿಯಿಂದ ನ್ಯಾಸ್‌ಗೆ

ಬ್ಯಾಕಪ್ಪನ್ನು ಎರಡು ಓಟವಾಗಿ ಒಡೆಯಿರಿ. ಮೊದಲನೆಯದು ಆಫೀಸಿನ ಒಳಗೇ, ಟ್ಯಾಲಿ ಕಂಪ್ಯೂಟರಿನಿಂದ ನ್ಯಾಸ್‌ಗೆ. ಇದು ನೆಟ್ಟನ್ನು ಮುಟ್ಟುವುದೇ ಇಲ್ಲ. ಹಳೆಯ 100 ಎಂಬಿಪಿಎಸ್ ಸ್ವಿಚ್ ಇದ್ದರೂ ಮೊದಲ ಸಲ ಪೂರ್ತಿ 8 ಜಿಬಿಗೆ ಹನ್ನೆರಡು ನಿಮಿಷದ ಆಸುಪಾಸು. ಗಿಗಾಬಿಟ್ ಇದ್ದರೆ ಇನ್ನೂ ಬೇಗ. ವೈಫೈ ಮೇಲೆ ಮಾತ್ರ ಮಾಡಬೇಡಿ, ಕೇಬಲ್ ಎಳೆಯಿರಿ. ಎರಡನೆಯದು ನ್ಯಾಸ್‌ನಿಂದ ಕ್ಲೌಡ್‌ಗೆ, ರಾತ್ರಿ. ಹೀಗೆ ಮಾಡಿದರೆ ರಾತ್ರಿಯೆಲ್ಲ ಕಂಪ್ಯೂಟರ್ ಆನ್ ಇಡಬೇಕಿಲ್ಲ.

ನಿಯಮ ಒಂದೇ. ಕಾಪಿ ಆಗುವಾಗ ಯಾರೂ ಟ್ಯಾಲಿ ತೆರೆದಿರಬಾರದು. ಈ ಚಿಕ್ಕ ಬ್ಯಾಚ್ ಫೈಲನ್ನು `D:\Scripts\tally-backup.bat` ಎಂದು ಉಳಿಸಿ. ಡೇಟಾ ದಾರಿ ಟ್ಯಾಲಿಪ್ರೈಮ್ ತಾನಾಗಿ ಇಡುವ ಜಾಗದ್ದು. ನಿಮ್ಮದು ಬೇರೆ ಇದ್ದರೆ ಅದನ್ನು ಹಾಕಿ, ನ್ಯಾಸ್‌ನ ವಿಳಾಸವನ್ನೂ ಬದಲಿಸಿ.

```
@echo off
tasklist | find /i "tally.exe" >nul && exit /b 99
for /f %%d in ('powershell -NoProfile -Command "(Get-Date).DayOfWeek"') do set D=%%d
if "%D%"=="" exit /b 98
robocopy "C:\Users\Public\TallyPrime\data" "\\192.168.1.50\backup\tally\%D%" /MIR /R:2 /W:5 /LOG:D:\Scripts\tally.log
set R=%errorlevel%
if %R% LSS 8 shutdown /s /t 60
exit /b %R%
```

ಇದು ವಾರದ ಒಂದೊಂದು ದಿನಕ್ಕೆ ಒಂದೊಂದು ಫೋಲ್ಡರ್ ಇಡುತ್ತದೆ, ಹಾಗಾಗಿ ಯಾವಾಗಲೂ ಹಿಂದಿನ ವಾರದ ಕಾಪಿಗಳು ಕೈಯಲ್ಲಿರುತ್ತವೆ. ಒಂದೇ ಫೋಲ್ಡರಿಗೆ `/MIR` ಮಾಡಿದರೆ ಇವತ್ತು ಕೆಟ್ಟ ಫೈಲ್ ನಿನ್ನೆಯ ಒಳ್ಳೆಯದನ್ನು ನುಂಗಿಬಿಡುತ್ತದೆ. `/MIR` ಗುರಿಯ ಫೋಲ್ಡರಿನಲ್ಲಿ ಇರುವ ಬೇರೆಯದನ್ನೆಲ್ಲ ಅಳಿಸುತ್ತದೆ, ಅದಕ್ಕೇ ಎರಡನೇ ದಾರಿಯನ್ನು ಎರಡು ಸಲ ಓದಿ ಹಾಕಿ. `/R:2 /W:5` ಬಿಡಬೇಡಿ. ಅದಿಲ್ಲದಿದ್ದರೆ ರೋಬೋಕಾಪಿ ಬೀಗ ಬಿದ್ದ ಒಂದು ಫೈಲಿಗೆ 30 ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಪ್ರಯತ್ನಿಸುತ್ತದೆ. ತಮಾಷೆಗೆ ಹೇಳಿದ್ದಲ್ಲ, ಅದರ ಮೂಲ ಸೆಟ್ಟಿಂಗೇ ಅದು.

ಮೊದಲು ಕೈಯಾರೆ ಒಮ್ಮೆ ಓಡಿಸಿ ನೋಡಿ. ಕಾಪಿ ಸರಿಯಾಗಿ ಆದರೆ ಒಂದು ನಿಮಿಷದಲ್ಲಿ ಕಂಪ್ಯೂಟರ್ ಆಫ್ ಆಗುತ್ತದೆ, ತೆರೆದ ಕೆಲಸ ಉಳಿಸಿಕೊಂಡೇ ಓಡಿಸಿ. ಆಮೇಲೆ ಶೆಡ್ಯೂಲ್ ಹಾಕಿ. ಆಫೀಸು ಮುಚ್ಚುವ ಹೊತ್ತು ಎಂಟು ಎಂದಿಟ್ಟುಕೊಂಡರೆ:

```
schtasks /create /tn "TallyBackup" /tr "D:\Scripts\tally-backup.bat" /sc daily /st 20:15
```

ಕೊನೆಗೆ ಹೋಗುವವರು ಈ ಒಂದು ಕಂಪ್ಯೂಟರನ್ನು ಆರಿಸದೆ, ಲಾಗ್‌ಔಟ್ ಮಾಡದೆ, ಪರದೆಗೆ ಬೀಗ ಹಾಕಿ ಮಾನಿಟರ್ ಮಾತ್ರ ಆರಿಸಿ ಹೋಗಬೇಕು. ಅದು ತಾನೇ ಆಫ್ ಆಗುತ್ತದೆ. ಬೆಳಿಗ್ಗೆ ಬಂದಾಗ ಅದು ಆನ್ ಇದ್ದರೆ ನಿನ್ನೆಯ ಕಾಪಿ ಆಗಿಲ್ಲ ಎಂದೇ ಅರ್ಥ.

ಆಗ `taskschd.msc`ನಲ್ಲಿ `Last Run Result` ನೋಡಿ. `0x63` ಎಂದರೆ 99, ಅದೇ ಕಂಪ್ಯೂಟರಿನಲ್ಲಿ ಟ್ಯಾಲಿ ತೆರೆದಿತ್ತು. `0x8` ಅಥವಾ ಅದಕ್ಕಿಂತ ಮೇಲೆ ಬಂದರೆ ಕೆಲವು ಫೈಲ್ ಕಾಪಿ ಆಗಿಲ್ಲ, ಲಾಗ್ ಓದಿ. `0x1` ನೋಡಿ ಗಾಬರಿಯಾಗಬೇಡಿ. ರೋಬೋಕಾಪಿಯ ಮಟ್ಟಿಗೆ 1 ಎಂದರೆ 'ಫೈಲ್‌ಗಳು ಸರಿಯಾಗಿ ಕಾಪಿ ಆದವು' ಎಂದು. ಇದನ್ನು ತಪ್ಪು ಎಂದುಕೊಂಡು ಚೆನ್ನಾಗಿ ಓಡುತ್ತಿದ್ದ ಕೆಲಸವನ್ನೇ ಅಳಿಸಿದವರಿದ್ದಾರೆ.

ಈ ಬ್ಯಾಚ್ ಫೈಲಿಗೆ ಕಾಣದ ಒಂದು ಸಂಗತಿ ಇದೆ. ಅದು ನೋಡುವುದು ತನ್ನ ಕಂಪ್ಯೂಟರಿನ ಟ್ಯಾಲಿಯನ್ನು ಮಾತ್ರ. ಪಕ್ಕದ ಕೋಣೆಯಲ್ಲಿ ಯಾರೋ ತೆರೆದಿಟ್ಟು ಹೋಗಿದ್ದರೆ ಅದಕ್ಕೆ ತಿಳಿಯುವುದಿಲ್ಲ. `fsmgmt.msc` ತೆರೆದು `Open Files` ನೋಡಿದರೆ ಯಾವ ಲಾಗಿನ್‌ನಿಂದ ಯಾವ ಫೈಲ್ ಹಿಡಿದಿದ್ದಾರೆ ಎಂದು ಕಾಣುತ್ತದೆ. ಮೊದಲ ಒಂದು ವಾರ ಎಂಟು ಗಂಟೆಗೆ ಇದನ್ನು ನೋಡಿ. ಯಾರು ಮರೆಯುತ್ತಾರೆ ಎಂದು ಗೊತ್ತಾಗುತ್ತದೆ, ಆಮೇಲೆ ಅವರಿಗೇ ಹೇಳಿದರಾಯಿತು.

ಇನ್ನೊಂದು, ದಾರಿಯಲ್ಲಿ `Z:` ಎಂಬಂಥ ಡ್ರೈವ್ ಅಕ್ಷರ ಬಳಸಬೇಡಿ. ಯಾರೂ ಲಾಗಿನ್ ಆಗದಿರುವಾಗಲೂ ಓಡುವಂತೆ ಇಟ್ಟ ಕೆಲಸಕ್ಕೆ ಆ ಅಕ್ಷರ ಇರುವುದೇ ಇಲ್ಲ. ನೀವು ಕೈಯಾರೆ ಓಡಿಸಿದರೆ ಕೆಲಸ ಮಾಡುತ್ತದೆ, ಶೆಡ್ಯೂಲಿನಲ್ಲಿ ಸುಮ್ನೆ ಫೇಲ್ ಆಗುತ್ತದೆ.

## ಹಂತ 6: ಎರಡನೇ ಓಟ, ನ್ಯಾಸ್‌ನಿಂದ ಕ್ಲೌಡ್‌ಗೆ

ಮೊದಲು ಕರೆಂಟಿನ ವಿಷಯ. ನ್ಯಾಸ್, ರೂಟರ್, ಫೈಬರ್ ತರುವ ಒಎನ್‌ಟಿ ಡಬ್ಬಿ, ನಡುವಿನ ಸ್ವಿಚ್, ಈ ನಾಲ್ಕೂ ರಾತ್ರಿ ಆನ್ ಇರಬೇಕು. ನ್ಯಾಸ್ ಆನ್ ಇಟ್ಟು ಒಎನ್‌ಟಿ ಮರೆಯುವುದು ಮಾಮೂಲಿ ತಪ್ಪು. ಎಲೆಕ್ಟ್ರಿಷಿಯನ್‌ಗೆ ಹೇಳಿ ಇವುಗಳಿಗೂ ಟ್ಯಾಲಿ ಕಂಪ್ಯೂಟರಿಗೂ ಮೇನ್ ಸ್ವಿಚ್ಚಿನ ಹಿಡಿತಕ್ಕೆ ಬಾರದ ಒಂದು ಪಾಯಿಂಟ್ ಬೇರೆ ಹಾಕಿಸಿ. ಎರಡು ಡಿಸ್ಕಿನ ನ್ಯಾಸ್ ಒಂದು ಹಳೇ ಸೀಲಿಂಗ್ ಫ್ಯಾನಿಗಿಂತ ಕಡಿಮೆ ಕರೆಂಟ್ ತಿನ್ನುತ್ತದೆ, ಬಿಲ್ಲಿನ ಚಿಂತೆ ಬೇಡ. ಕರೆಂಟ್ ಸ್ವಲ್ಪ ಹೊತ್ತು ಹೋದರೂ ಓಟ ನಿಲ್ಲದಿರಲು ಯುಪಿಎಸ್ ನೆರವಾಗುವುದು ಇಲ್ಲೇ. ರಾತ್ರಿ ಕರೆಂಟ್ ಹೋಗಿ ಬಂದರೆ ತಾನೇ ಏಳುವಂತೆ ನ್ಯಾಸ್‌ನ ವಿದ್ಯುತ್ ಸೆಟ್ಟಿಂಗ್‌ನಲ್ಲಿ ಆನ್ ಮಾಡಿಡಿ.

ನಂತರ ಸಮಯ. ಮೊದಲ ಓಟ 8:15ಕ್ಕೆ ಶುರು, ಒಂಬತ್ತರೊಳಗೆ ಖಂಡಿತ ಮುಗಿದಿರುತ್ತದೆ. ಎರಡನೆಯದನ್ನು 10ಕ್ಕೆ ಇಡಿ. ಎರಡೂ ಒಟ್ಟಿಗೆ ಓಡಿದರೆ ಅರ್ಧ ಬರೆದ ಟ್ಯಾಲಿ ಫೋಲ್ಡರ್ ಕ್ಲೌಡ್‌ಗೆ ಹೋಗುತ್ತದೆ. ಮಧ್ಯೆ ಒಂದು ಗಂಟೆ ಖಾಲಿ ಇಟ್ಟದ್ದು ಅದಕ್ಕೇ.

ಮೊದಲ ಸಲ ಮಾತ್ರ ಪೂರ್ತಿ 45 ಜಿಬಿ ಹೋಗಬೇಕು. ಅದನ್ನು ಶನಿವಾರ ರಾತ್ರಿ ಕೈಯಾರೆ ಶುರು ಮಾಡಿ. ಮುಂದಿನ ಹಂತದ ಮಿತಿ ಹಾಕಿದರೂ ಹದಿಮೂರು ಗಂಟೆ, ಭಾನುವಾರ ಮಧ್ಯಾಹ್ನದೊಳಗೆ ಮುಗಿಯುತ್ತದೆ. ನಿಮ್ಮದು 200 ಜಿಬಿ ಇದ್ದರೆ ಒಂದು ಭಾನುವಾರಕ್ಕೆ ಆಗುವುದಿಲ್ಲ. ಫೋಲ್ಡರ್‌ಗಳನ್ನು ಹಂಚಿ ಎರಡು ಮೂರು ವಾರ ತೆಗೆದುಕೊಳ್ಳಿ. ಟ್ಯಾಲಿ ಮತ್ತು ಈ ವರ್ಷದ ಫೋಲ್ಡರ್ ಮೊದಲು, ಹಳೆಯದು ಆಮೇಲೆ. ಹೊಸದು ಒಮ್ಮೆ ಪೂರ್ತಿ ಆಗುವವರೆಗೆ ಹಳೆಯ ಜಿಪ್‌ಗಳನ್ನು ಕ್ಲೌಡ್‌ನಿಂದ ಅಳಿಸಬೇಡಿ.

## ಹಂತ 7: ಈಗ ಮಿತಿ ಹಾಕಿ

ಗಾತ್ರ ಇಳಿದು ಸಮಯ ಸರಿಹೋದ ಮೇಲೆ ಮಿತಿಗೆ ಅರ್ಥ ಬರುತ್ತದೆ. ಅಳೆದ ಅಪ್‌ಲೋಡಿನ ನೂರಕ್ಕೆ ಎಂಬತ್ತು ಭಾಗ ರಾತ್ರಿಗೆ, ಹತ್ತು ಭಾಗಕ್ಕಿಂತ ಕಡಿಮೆ ಹಗಲಿಗೆ. ಹಗಲಿಗೆ ಪೂರ್ತಿ ನಿಲ್ಲಿಸುವುದಕ್ಕಿಂತ ಇದು ವಾಸಿ, ಉಕ್ಕಿ ಬಂದ ಬ್ಯಾಕಪ್ ನಿಧಾನಕ್ಕಾದರೂ ಮುಗಿಯುತ್ತದೆ, ಯಾರಿಗೂ ತಿಳಿಯುವುದಿಲ್ಲ.

ಎಲ್ಲರೂ ಎಡವುವುದು ಬಿಟ್ ಮತ್ತು ಬೈಟ್‌ನಲ್ಲಿ. ನೆಟ್ ಕಂಪನಿ ಮಾತಾಡುವುದು ಮೆಗಾಬಿಟ್‌ನಲ್ಲಿ, ಬ್ಯಾಕಪ್ ಸಾಧನಗಳು ಹೆಚ್ಚಾಗಿ ಕೇಳುವುದು ಕಿಲೋಬೈಟ್ ಅಥವಾ ಮೆಗಾಬೈಟ್‌ನಲ್ಲಿ. ಎಂಟರಿಂದ ಭಾಗಿಸಬೇಕು. 8 ಎಂಬಿಪಿಎಸ್ ಬೇಕಿದ್ದರೆ ಹಾಕಬೇಕಾದದ್ದು ಸೆಕೆಂಡಿಗೆ 1 ಎಂಬಿ. ಅಲ್ಲಿ 8 ಎಂದು ಹಾಕಿದರೆ ನಿಮ್ಮ ಲೈನಿಗಿಂತ ಆರು ಪಟ್ಟು ದೊಡ್ಡ ಮಿತಿ, ಇದ್ದೂ ಇಲ್ಲದಂತೆ. ಆರ್‌ಕ್ಲೋನ್ ಬಳಸುವವರಿಗೆ ಹಗಲು ರಾತ್ರಿ ಎರಡನ್ನೂ ಒಂದೇ ಸಾಲಿನಲ್ಲಿ ಕೊಡಬಹುದು:

```
--bwlimit "09:00,100k 20:30,1M"
```

ಬೆಳಿಗ್ಗೆ ಒಂಬತ್ತರಿಂದ ಸೆಕೆಂಡಿಗೆ 100 ಕಿಲೋಬೈಟ್, ರಾತ್ರಿ ಎಂಟೂವರೆಯಿಂದ ಒಂದು ಮೆಗಾಬೈಟ್. ನಮ್ಮ 3 ಜಿಬಿ ಇದರಲ್ಲಿ ಒಂದು ಗಂಟೆಯೊಳಗೇ ಹೋಗುತ್ತದೆ, ಹನ್ನೊಂದಕ್ಕೆ ಕೆಲಸ ಮುಗಿದಿರುತ್ತದೆ.

ಬ್ಯಾಕಪ್ ಸಾಧನದಲ್ಲಿ ಮಿತಿ ಹಾಕುವ ಜಾಗವೇ ಇಲ್ಲದಿದ್ದರೆ ರೂಟರಿನಲ್ಲಿ ನ್ಯಾಸ್‌ನ ಐಪಿಗೆ ಅಪ್‌ಲೋಡ್ ಮಿತಿ ಹಾಕಿ. ಅದಕ್ಕೆ ಮೊದಲು ನ್ಯಾಸ್‌ನ ಐಪಿ ಬದಲಾಗದಂತೆ ಕಟ್ಟಿಡಿ. ಮೈಕ್ರೋಟಿಕ್ ರೂಟರ್ ಇದ್ದು, ಮಿತಿ ಹಾಕಿದರೂ ಏನೂ ಆಗುತ್ತಿಲ್ಲ ಅನಿಸಿದರೆ `fasttrack` ನಿಯಮ ಆನ್ ಇದೆಯೇ ನೋಡಿ. ಅದು ಇದ್ದರೆ ದಟ್ಟಣೆ `simple queue`ಗಳನ್ನು ಹಾದುಹೋಗುವುದೇ ಇಲ್ಲ.

## ಹಂತ 8: ಮರುದಿನ ಮತ್ತು ತಿಂಗಳಿಗೊಮ್ಮೆ ನೋಡಬೇಕಾದದ್ದು

ಮರುದಿನ ಬೆಳಿಗ್ಗೆ ಹತ್ತೂವರೆಗೆ, ಎಲ್ಲರೂ ಕೆಲಸದಲ್ಲಿರುವಾಗ, ಮತ್ತೆ ಅದೇ ಎರಡು ಪಿಂಗ್ ಓಡಿಸಿ. ಹೊರಗಿನದು ನೂರರ ಕೆಳಗೆ ನಿಂತಿದ್ದರೆ ಸರಿಹೋಗಿದೆ. ಬ್ಯಾಕಪ್ ಲಾಗ್‌ನಲ್ಲಿ ಶುರುವಾದ ಹೊತ್ತು, ಮುಗಿದ ಹೊತ್ತು ಎರಡನ್ನೂ ಬರೆದುಕೊಳ್ಳಿ. 'ಯಶಸ್ವಿ' ಎಂಬ ಹಸಿರು ಗುರುತು ಸಾಲದು. ರಾತ್ರಿ ಹತ್ತಕ್ಕೆ ಶುರುವಾಗಿ ಮರುದಿನ ಮಧ್ಯಾಹ್ನ ಮುಗಿದದ್ದೂ ಯಶಸ್ವಿ ಎಂದೇ ತೋರಿಸುತ್ತದೆ.

ತಿಂಗಳಿಗೊಮ್ಮೆ ಒಂದು ಕಾಪಿ ವಾಪಸ್ ತಂದು ನೋಡಿ. ಕ್ಲೌಡ್‌ನಿಂದ ನಿನ್ನೆಯ ಟ್ಯಾಲಿ ಫೋಲ್ಡರನ್ನು ಬೇರೆ ಜಾಗಕ್ಕೆ, ಉದಾಹರಣೆಗೆ `D:\Test`ಗೆ ಇಳಿಸಿ. ನಿಜವಾದ ಡೇಟಾದ ಮೇಲೆ ಇಳಿಸಬೇಡಿ. ಟ್ಯಾಲಿಯಲ್ಲಿ ಕಂಪನಿ ಆಯ್ಕೆ ಮಾಡುವಾಗ ಆ ದಾರಿಯನ್ನು ತೋರಿಸಿ ಒಂದು ದೊಡ್ಡ ಕಂಪನಿ ತೆರೆಯಿರಿ. ಡೇ ಬುಕ್‌ನಲ್ಲಿ ನಿನ್ನೆಯ ಕೊನೇ ವೋಚರ್ ಇದೆಯೇ, ಟ್ರಯಲ್ ಬ್ಯಾಲೆನ್ಸಿನ ಮೊತ್ತ ನಿಜವಾದ ಕಂಪನಿಯ ನಿನ್ನೆಯ ತಾರೀಖಿನ ಮೊತ್ತಕ್ಕೆ ಹೊಂದುತ್ತದೆಯೇ ನೋಡಿ. ನೋಡಿದ ಮೇಲೆ ಆ ಕಂಪನಿಯನ್ನು ಮುಚ್ಚಿ `D:\Test` ಅಳಿಸಿ. ಇಲ್ಲವಾದರೆ ಯಾರಾದರೂ ತಿಳಿಯದೆ ಅದರಲ್ಲೇ ವೋಚರ್ ಹಾಕುತ್ತಾ ಕೂರುತ್ತಾರೆ.

ಮುಗಿದ ಹೊತ್ತಿನ ಮೇಲೂ ಕಣ್ಣಿಡಿ. ತಿಂಗಳಿಂದ ತಿಂಗಳಿಗೆ ಅದು ಹನ್ನೊಂದು, ಹನ್ನೆರಡು, ಎರಡು ಎಂದು ಜರುಗುತ್ತಿದ್ದರೆ ಯಾರೋ ಕ್ಲೈಂಟ್ ಫೋಲ್ಡರಿಗೆ ವಿಡಿಯೋ ಅಥವಾ ಹಳೇ ಹಾರ್ಡ್‌ಡಿಸ್ಕಿನ ಕಾಪಿ ಸುರಿದಿರಬಹುದು. ಅದು ಬೆಳಿಗ್ಗೆ ಆರನ್ನು ಮುಟ್ಟುವ ಮೊದಲೇ ನಾಲ್ಕನೇ ಹಂತಕ್ಕೆ ಹಿಂದಿರುಗಿ, ದೊಡ್ಡ ಫೈಲ್‌ಗಳನ್ನು ಹುಡುಕಿ ಪಕ್ಕಕ್ಕೆ ತೆಗೆಯಿರಿ.